ಸೂಜಿಗೂ ಕಟಿಂಗ್ ಟೇಬಲ್ಲಿಗೂ ಒಂದೇ ಕನ್ನಡಕ: ಟೈಲರ್‌ಗಳು ಕೆಲಸದ ಲೆನ್ಸ್ ಮಾಡಿಸಿಕೊಳ್ಳುವ ಬಗೆ

ಶಿವಮೊಗ್ಗದ ವಿನೋಬನಗರದ ಕಡೆ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ಕಳೆದ ಮಳೆಗಾಲದಲ್ಲಿ ನಾನು ಕಣ್ಣು ಪರೀಕ್ಷೆ ಮಾಡುವ ಕನ್ನಡಕದ ಅಂಗಡಿಗೆ ಬಂದರು. ವಯಸ್ಸು 52. ಬೇರೆ ಕಡೆ ಆರು ತಿಂಗಳ ಹಿಂದೆ ಮಾಡಿಸಿದ ಪ್ರೋಗ್ರೆಸಿವ್ ಕನ್ನಡಕ ಕೈಯಲ್ಲಿತ್ತು. "ಸೂಜಿ ಕಾಣುತ್ತೆ ಸಾರ್, ಕಾಣಲ್ಲ ಅಂತಲ್ಲ. ಆದ್ರೆ ಗದ್ದ ಮೇಲೆತ್ತಿ ನೋಡ್ಬೇಕು. ಸಂಜೆ ಹೊತ್ತಿಗೆ ಕತ್ತು ಹಿಡ್ಕೊಂಡು ಬಿಡುತ್ತೆ" ಅಂದರು. ಹೆಮ್ಮಿಂಗ್ ಮಾಡುವಾಗ ಕನ್ನಡಕ ತೆಗೆದಿಟ್ಟು ಹಳೆಯ ಚಾಳೀಸು ಹಾಕಿಕೊಳ್ಳುತ್ತಿದ್ದರಂತೆ. ಬಟ್ಟೆ ಕತ್ತರಿಸಲು ಎದ್ದು ನಿಂತರೆ ಆ ಚಾಳೀಸಿನಲ್ಲಿ ಚಾಕ್ ಗೆರೆ ಮಸುಕು. ದಿನಕ್ಕೆ ಹತ್ತಾರು ಸಲ ಕನ್ನಡಕ ಬದಲಿಸುವುದೇ ಕೆಲಸವಾಗಿತ್ತು.

ನಾನು ಪರೀಕ್ಷೆ ಮಾಡಿ ನೋಡಿದೆ. ನಂಬರ್ ಸರಿಯಾಗಿಯೇ ಇತ್ತು. ದೂರಕ್ಕೆ ಎರಡೂ ಕಣ್ಣಿಗೆ ಪ್ಲಸ್ 0.50, ಓದಲು ಅದರ ಮೇಲೆ ಸೇರಿಸುವ ಪವರ್, ಅಂದರೆ ಅಡಿಷನ್, 2.00. ತಪ್ಪಿದ್ದು ನಂಬರಿನಲ್ಲಲ್ಲ, ಲೆನ್ಸಿನ ಜಾತಿಯಲ್ಲಿ. ಪ್ರೋಗ್ರೆಸಿವ್ ಲೆನ್ಸಿನ ಮೇಲಿನ ದೊಡ್ಡ ಭಾಗ ರಸ್ತೆ, ಬಸ್ಸಿನ ಬೋರ್ಡು, ಎದುರು ಮನೆಗೆ ಅಂತ ಇರುತ್ತದೆ. ಹತ್ತಿರದ್ದು ಕಾಣುವ ಜಾಗ ಕೆಳಗಡೆ ಚಿಕ್ಕದಾಗಿ ಕೂತಿರುತ್ತದೆ. ಮಧ್ಯೆ ಟೇಬಲ್ ದೂರಕ್ಕೆ ಸಿಗುವುದು ಒಂದು ಕಿರಿದಾದ ಓಣಿ ಮಾತ್ರ. ದಿನಕ್ಕೆ ಎಂಟು ಗಂಟೆ ಮಶೀನಿನ ಮುಂದೆ ಕೂರುವವರಿಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ. ಹತ್ತಿರದ ಜಾಗ ಅಗಲವಾಗಿರಬೇಕು, ಟೇಬಲ್ಲಿನ ಜಾಗ ಅದರ ಮೇಲೆ ಆರಾಮಾಗಿ ಇರಬೇಕು, ಬಸ್ಸಿನ ಬೋರ್ಡು ಬೇಡವೇ ಬೇಡ. ಇಂಥ ಲೆನ್ಸನ್ನು ಅಂಗಡಿಗಳಲ್ಲಿ ಆಫೀಸ್ ಲೆನ್ಸ್ ಅಥವಾ ಆಕ್ಯುಪೇಷನಲ್ ಲೆನ್ಸ್ ಅನ್ನುತ್ತಾರೆ. ಕಂಪ್ಯೂಟರ್ ಮುಂದೆ ಕೂರುವವರಿಗೆ ಅಂತಲೇ ಜಾಸ್ತಿ ಮಾರುತ್ತಾರೆ. ಹಾಗಾಗಿ ಟೈಲರ್ ಬಂದು ಕೂತಾಗ ಅದರ ನೆನಪೇ ಆಗುವುದಿಲ್ಲ. ನೀವೇ ಕೇಳಬೇಕಾಗುತ್ತದೆ. ಕೇಳುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿಕೊಂಡು ಹೋಗಬೇಕು.

ಮೊದಲು ನಿಮ್ಮದೇ ಟೇಪು ತೆಗೆಯಿರಿ

ಕಣ್ಣಿನ ಪರೀಕ್ಷೆಯಲ್ಲಿ ನಿಮ್ಮ ಕಣ್ಣು ಹೇಗಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಸೂಜಿ ಎಷ್ಟು ದೂರದಲ್ಲಿದೆ ಅಂತ ಗೊತ್ತಾಗುವುದಿಲ್ಲ. ಓದುವ ಕಾರ್ಡನ್ನು ಸಾಮಾನ್ಯವಾಗಿ 16 ಇಂಚು ದೂರದಲ್ಲಿ ಹಿಡಿದು ನಂಬರ್ ಕೊಡುತ್ತಾರೆ. ನಿಮ್ಮ ಕೆಲಸ ಅಷ್ಟೇ ದೂರದಲ್ಲಿ ನಡೆಯಬೇಕು ಅಂತೇನೂ ಇಲ್ಲವಲ್ಲ.

ಅಳತೆ ನೀವೇ ತೆಗೆದುಕೊಳ್ಳಬೇಡಿ. ಟೇಪು ಹಿಡಿದ ಕೂಡಲೇ ಬೆನ್ನು ನೆಟ್ಟಗಾಗಿ ಲೆಕ್ಕ ತಪ್ಪುತ್ತದೆ. ಹತ್ತು ನಿಮಿಷ ನಿಮ್ಮ ಪಾಡಿಗೆ ಹೊಲಿಯಿರಿ. ಆಮೇಲೆ ಮನೆಯವರು ಯಾರಾದರೂ ಪಕ್ಕದಿಂದ ಬಂದು ಕಣ್ಣಿನ ಹೊರ ಮೂಲೆಯಿಂದ ಸೂಜಿಯ ತುದಿವರೆಗೆ ಟೇಪು ಹಿಡಿಯಲಿ. ಹೊಸ ಲೆನ್ಸಿನಲ್ಲಿ ನೀವು ಹೇಗೆ ಕೂರಬೇಕು ಅಂತ ಇಷ್ಟಪಡುತ್ತೀರೋ ಹಾಗೆ ಕೂತಿರಿ. ಈಗಿನ ಕನ್ನಡಕದ ಕಾಟಕ್ಕೆ ಬಗ್ಗಿ ಕೂತಾಗಿನ ಅಳತೆ ಕೊಟ್ಟರೆ ಹೊಸ ಕನ್ನಡಕವೂ ಹಾಗೇ ಬಗ್ಗಿಸುತ್ತದೆ.

ಆ ಅಕ್ಕನ ಮಗಳು ಬರೆದುಕೊಟ್ಟ ಚೀಟಿಯಲ್ಲಿ ನಾಲ್ಕು ಅಳತೆ ಇತ್ತು. ಮಶೀನಿನ ಸೂಜಿ 15 ಇಂಚು. ಮಡಿಲಲ್ಲಿಟ್ಟು ಹುಕ್ಕು ಹಾಕುವುದು, ಹೆಮ್ಮಿಂಗ್ ಮಾಡುವುದು 14 ಇಂಚು. ನಿಂತು ಕತ್ತರಿಸುವ ಟೇಬಲ್ 26 ಇಂಚು. ಗಿರಾಕಿ ಬ್ಲೌಸ್ ಹಾಕಿಕೊಂಡು ನಿಂತಾಗ ಫಿಟಿಂಗ್ ನೋಡುವುದು ನಾಲ್ಕು ಅಡಿ, ಅಂದರೆ 48 ಇಂಚು. ಈ ನಾಲ್ಕರಲ್ಲಿ ತೀರಾ ಹತ್ತಿರದ್ದು ಮತ್ತು ತೀರಾ ದೂರದ್ದು ಮುಖ್ಯ. ಲೆನ್ಸಿನ ಎರಡು ತುದಿಗಳನ್ನು ಅವೇ ತೀರ್ಮಾನ ಮಾಡುತ್ತವೆ.

40ನ್ನು ಇಂಚಿನಿಂದ ಭಾಗಿಸಿ

ಕನ್ನಡಕದ ಪವರ್ ಅನ್ನುವುದು ದೂರದ್ದೇ ಇನ್ನೊಂದು ಲೆಕ್ಕ. 40ನ್ನು ಇಂಚಿನಿಂದ ಭಾಗಿಸಿದರೆ ಆ ದೂರಕ್ಕೆ ಎಷ್ಟು ಪವರ್ ಬೇಕು ಅಂತ ಹೆಚ್ಚೂಕಡಿಮೆ ಸಿಗುತ್ತದೆ. 14 ಇಂಚಿಗೆ 2.86. 26 ಇಂಚಿಗೆ 1.54. 48 ಇಂಚಿಗೆ 0.83. ದೂರ ಹೋದಷ್ಟೂ ಪವರ್ ಕಮ್ಮಿ ಸಾಕು.

ಇದರಲ್ಲಿ ಸ್ವಲ್ಪ ಭಾಗವನ್ನು ಕಣ್ಣೇ ಹೊರುತ್ತದೆ. ಚಿಕ್ಕ ವಯಸ್ಸಿನಲ್ಲಿ ಪೂರ್ತಿ ಹೊರುತ್ತಿತ್ತು. ಕಣ್ಣಿನೊಳಗಿನ ಮಸೂರ ವಯಸ್ಸಾದ ಹಾಗೆ ಗಟ್ಟಿಯಾಗುತ್ತದೆ, ಉಬ್ಬಿ ಹತ್ತಿರದ್ದನ್ನು ಹಿಡಿಯುವ ಶಕ್ತಿ ಇಳಿಯುತ್ತದೆ. ಎಷ್ಟು ಉಳಿದಿದೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ದೂರದ ಕನ್ನಡಕ ಇದ್ದರೆ ಅದನ್ನು ಹಾಕಿಕೊಳ್ಳಿ. ಪ್ರೋಗ್ರೆಸಿವ್ ಆಗಿದ್ದರೆ ಅದರ ಮೇಲಿನ ಭಾಗದಿಂದಲೇ ನೋಡಿ. ಒಳ್ಳೆ ಬೆಳಕಲ್ಲಿ ಪೇಪರಿನ ಸಣ್ಣ ಅಕ್ಷರ ಹಿಡಿದು ನಿಧಾನಕ್ಕೆ ಹತ್ತಿರ ತನ್ನಿ. ಅಕ್ಷರ ಒಡೆಯಲು ಶುರುವಾದ ಕಡೆ ನಿಲ್ಲಿಸಿ ಟೇಪು ಹಿಡಿಯಿರಿ. ಅಕ್ಕನಿಗೆ 20 ಇಂಚು ಬಂತು. 40ನ್ನು 20ರಿಂದ ಭಾಗಿಸಿದರೆ 2. ಅಂದರೆ ಕಣ್ಣಿನಲ್ಲಿ ಉಳಿದ ಶಕ್ತಿ 2.00.

ಆದರೆ ಪೂರ್ತಿ ಎರಡನ್ನೂ ದಿನವಿಡೀ ದುಡಿಸಿದರೆ ತಲೆನೋವು ಖಂಡಿತ. ತುಂಬಿದ ಕೊಡವನ್ನು ಕೈ ಚಾಚಿ ಎಷ್ಟು ಹೊತ್ತು ಹಿಡಿಯಲಾದೀತು? ಅರ್ಧ ಬಳಸಿ, ಅರ್ಧ ಉಳಿಸಿ ಅನ್ನುವುದು ನಮ್ಮ ಕೆಲಸದಲ್ಲಿ ಹಳೆಯ ಲೆಕ್ಕ. ಹಾಗಾಗಿ ಅಕ್ಕನ ಕಣ್ಣು 1.00 ಹೊರಲಿ ಅಂತ ಬಿಟ್ಟೆವು. ಹೆಮ್ಮಿಂಗ್‌ಗೆ ಬೇಕಾದ 2.86ರಲ್ಲಿ 1.00 ಕಳೆದರೆ 1.86. ಲೆನ್ಸು ಕಾಲು ಕಾಲು ನಂಬರಿನಲ್ಲಿ ಬರುವುದರಿಂದ ಅದರ ಮೇಲಿನ ಕಾಲಿಗೆ ಹೋದರೆ 2.00. ಕನ್ನಡಕದ ನಂಬರಿನ ಚೀಟಿಯಲ್ಲಿದ್ದ ಅಡಿಷನ್ನೂ ಅಷ್ಟೇ, ಅಲ್ವಾ? ಅದಕ್ಕೇ ನಂಬರ್ ಸರಿ ಇತ್ತು ಅಂದದ್ದು.

ಈಗ ಆ 2.00 ಎಷ್ಟು ದೂರ ಎಳೆಯುತ್ತದೆ ನೋಡಿ. ಕಣ್ಣು ಪೂರ್ತಿ ಸಡಿಲಾಗಿದ್ದಾಗ 40 ಭಾಗಿಸು 2, ಅಂದರೆ 20 ಇಂಚಿನವರೆಗೆ ಸ್ಪಷ್ಟ. ಅದರಾಚೆ ಮಸುಕು. 26 ಇಂಚಿನ ಟೇಬಲ್ ಮೇಲೆ ಚಾಕ್ ಗೆರೆ ಯಾಕೆ ಕಾಣುತ್ತಿರಲಿಲ್ಲ ಅನ್ನುವುದಕ್ಕೆ ಇಷ್ಟೇ ಕಾರಣ. ಬರೀ ಚಾಳೀಸು ಹಾಕಿಕೊಂಡ ಟೈಲರ್ ಟೇಬಲ್ ಮೇಲೆ ಆರಿಂಚು ಬಗ್ಗುತ್ತಾರೆ. ಸೊಂಟನೋವು ಬಂದರೆ ಬೈಗುಳ ಟೇಬಲ್ಲಿಗೆ.

ಎಷ್ಟು ಇಳಿತ ಬೇಕು

ಆಫೀಸ್ ಲೆನ್ಸಿನಲ್ಲಿ ಕೆಳಗಡೆ ಪೂರ್ತಿ ಹತ್ತಿರದ ಪವರ್ ಇರುತ್ತದೆ. ಮೇಲೆ ಹೋದ ಹಾಗೆ ಪವರ್ ನಿಧಾನಕ್ಕೆ ಇಳಿಯುತ್ತದೆ. ಒಟ್ಟು ಎಷ್ಟು ಇಳಿಯುತ್ತದೆ ಅನ್ನುವುದನ್ನು ಅಂಗಡಿಯವರು ಡಿಗ್ರೆಷನ್ ಅನ್ನುತ್ತಾರೆ. ನಾನು ಇಳಿತ ಅಂತಲೇ ಹೇಳುತ್ತೇನೆ. ಕಂಪನಿ ಕಂಪನಿಗೆ ಬೇರೆ ಬೇರೆ ಇಳಿತ ಸಿಗುತ್ತದೆ, 0.75, 1.25, 1.75 ಹೀಗೆ. ಕೆಲವು ಕಡೆ ಇಳಿತದ ಬದಲು ಎಷ್ಟು ದೂರ ಕಾಣಬೇಕು ಅಂತ ಕೇಳುತ್ತಾರೆ. ಎರಡೂ ಒಂದೇ ಮಾತು.

ಅಕ್ಕನ ಅತೀ ದೂರದ ಕೆಲಸ 48 ಇಂಚು, ಅದಕ್ಕೆ ಬೇಕಾದ್ದು 0.83. ಅಡಿಷನ್ 2.00ರಲ್ಲಿ 0.83 ಕಳೆದರೆ 1.17. ಸಿಗುವ ಇಳಿತಗಳಲ್ಲಿ ಇದಕ್ಕೆ ಹತ್ತಿರದ್ದು 1.25. ಆಗ ಲೆನ್ಸಿನ ಮೇಲ್ಭಾಗದಲ್ಲಿ ಉಳಿಯುವ ಅಡಿಷನ್ 0.75, ಅದರಲ್ಲಿ ಕಾಣುವ ದೂರ 40 ಭಾಗಿಸು 0.75, ಸುಮಾರು 53 ಇಂಚು. ನಾಲ್ಕು ಅಡಿಯ ಗಿರಾಕಿ ಅದರೊಳಗೆ ಬಂದರು. ದೂರದ ನಂಬರ್ 0.50 ಸೇರಿಸಿದರೆ ಲೆನ್ಸಿನಲ್ಲಿ ಕೆಳಗೆ ಪ್ಲಸ್ 2.50, ಮೇಲೆ ಪ್ಲಸ್ 1.25.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. "ಇನ್ನೂ ಸ್ವಲ್ಪ ದೂರ ಕಾಣೋ ಹಾಗೆ ಮಾಡ್ಕೊಡಿ ಸಾರ್, ಬಾಗಿಲಲ್ಲಿ ಯಾರು ಬಂದ್ರು ಅಂತ ಗೊತ್ತಾಗ್ಲಿ" ಅಂತ ಅಕ್ಕ ಕೇಳಿದರು. ಬೇಡ ಅಂದೆ. ಇಳಿತ ಜಾಸ್ತಿಯಾದಷ್ಟೂ ಲೆನ್ಸಿನ ಎರಡು ಪಕ್ಕದಲ್ಲಿ ಮಸುಕು ಜಾಸ್ತಿಯಾಗುತ್ತದೆ, ಸ್ಪಷ್ಟವಾಗಿರುವ ಓಣಿ ಕಿರಿದಾಗುತ್ತದೆ. ಇದು ಯಾವ ಕಂಪನಿಯ ದೋಷವೂ ಅಲ್ಲ. ಪವರ್ ಮೇಲಿಂದ ಕೆಳಗೆ ಬದಲಾಗುವ ಗಾಜಿನ ಗುಣವೇ ಅದು. ಇಳಿತವನ್ನು 2.00ಕ್ಕೆ ಒಯ್ದರೆ ಮೇಲೆ ಪೂರ್ತಿ ದೂರದ ನಂಬರ್ ಬರುತ್ತದೆ. ಆಮೇಲೆ ಅದು ಹೆಸರಿಗೆ ಮಾತ್ರ ಆಫೀಸ್ ಲೆನ್ಸ್, ಗುಣದಲ್ಲಿ ಪ್ರೋಗ್ರೆಸಿವ್. ಬಾಗಿಲಲ್ಲಿ ಬಂದವರು ಮಾತಾಡಿದರೆ ಗುರುತು ಸಿಗುತ್ತದೆ. ಪೈಪಿಂಗ್ ಅಂಚು ಪಕ್ಕದ ಮಸುಕಿಗೆ ಹೋದರೆ ಬ್ಲೌಸೇ ಕೆಡುತ್ತದೆ.

ಆರ್ಡರ್ ಮಾಡುವ ಮುಂಚೆ ಹಾಕಿ ನೋಡಿ

ಪರೀಕ್ಷೆಗೆ ಹೋಗುವಾಗ ಒಂದು ತುಂಡು ಕಪ್ಪು ಸ್ಯಾಟಿನ್, ಕಪ್ಪು ದಾರ, ನೀವು ದಿನಾ ಬಳಸುವ ಸೂಜಿ ಕೊಂಡೊಯ್ಯಿರಿ. ಬಿಳಿ ಕಾರ್ಡಿನ ಮೇಲೆ ಕಪ್ಪು ಅಕ್ಷರ ಓದುವುದು ಸುಲಭ. ಕಪ್ಪಿನ ಮೇಲೆ ಕಪ್ಪು ಹೊಲಿಗೆ ಬಿಚ್ಚುವುದು ನಿಜವಾದ ಪರೀಕ್ಷೆ. ಟ್ರಯಲ್ ಫ್ರೇಮಿನಲ್ಲಿ ನಿಮ್ಮ ಕೆಳಗಿನ ನಂಬರ್, ಅಕ್ಕನ ಲೆಕ್ಕದಲ್ಲಿ ಪ್ಲಸ್ 2.50, ಹಾಕಿಸಿಕೊಂಡು ದಾರ ಪೋಣಿಸಿ, ನಾಲ್ಕು ಹೊಲಿಗೆ ಹಾಕಿ. ಬಟ್ಟೆ ತಾನಾಗಿ ಹತ್ತಿರ ಬಂದರೆ ಪವರ್ ಜಾಸ್ತಿಯಾಗಿದೆ. ಕೈ ಮುಂದಕ್ಕೆ ಚಾಚಿಕೊಂಡರೆ ಕಮ್ಮಿಯಾಗಿದೆ. ಆಮೇಲೆ ಮೇಲಿನ ನಂಬರ್, ಅಕ್ಕನಿಗೆ ಪ್ಲಸ್ 1.25, ಹಾಕಿಸಿ ಅಂಗಡಿಯ ಮೇಜಿನ ಮೇಲೆ ಟೇಪು ಹಾಸಿ, ಅದರ ಗೆರೆ ನಿಮ್ಮ ಟೇಬಲ್ಲಿನ ದೂರದಿಂದ, ಅಕ್ಕನಿಗಾದರೆ 26 ಇಂಚಿನಿಂದ, ಕಾಣುತ್ತದಾ ನೋಡಿ. ಐದು ನಿಮಿಷದ ಕೆಲಸ. ಇದಕ್ಕೆ ಬೇಸರ ಮಾಡಿಕೊಳ್ಳುವವರ ಹತ್ತಿರ ಇಂಥ ಲೆನ್ಸ್ ಮಾಡಿಸದಿರುವುದೇ ಒಳ್ಳೆಯದು.

ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ, ಹೀಗೆ ಎರಡನ್ನೂ ಬೇರೆ ಬೇರೆ ನೋಡಿ. ಯಾವ ಪವರ್ ಹಾಕಿದರೂ ಒಂದು ಕಣ್ಣು ಮಬ್ಬಾಗೇ ಇದ್ದರೆ ಕನ್ನಡಕದ ಮಾತು ಅಲ್ಲಿಗೆ ನಿಲ್ಲಿಸಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪೊರೆ ಇರಬಹುದು, ಬೇರೇನಾದರೂ ಇರಬಹುದು. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಏರಿಳಿತ ಆಗುತ್ತಿರುವಾಗ ನಂಬರ್ ತೆಗೆಸಬೇಡಿ. ಸಕ್ಕರೆ ಏರಿದಾಗ ಕಣ್ಣಿನ ಮಸೂರದ ಪವರ್ ಬದಲಾಗುತ್ತದೆ, ಅದು ಹತೋಟಿಗೆ ಬಂದ ಮೇಲೆ ಹೊಸ ಕನ್ನಡಕ ಕೆಲಸಕ್ಕೆ ಬಾರದ ಹಾಗಾಗುತ್ತದೆ.

ಫ್ರೇಮು ಮೊದಲು, ಗುರುತು ಆಮೇಲೆ

ಎತ್ತರ ಕಮ್ಮಿ ಇರುವ ಕಿರಿದಾದ ಫ್ರೇಮಿನಲ್ಲಿ ಈ ಲೆನ್ಸ್ ಕೂರುವುದಿಲ್ಲ. ಗಾಜಿನ ಎತ್ತರ 30 ಮಿ.ಮೀ. ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಮೂಗಿನ ಪ್ಯಾಡು ಇರುವ ಫ್ರೇಮ್ ತೆಗೆದುಕೊಂಡರೆ ಒಂದೆರಡು ಮಿ.ಮೀ. ಮೇಲೆ ಕೆಳಗೆ ಮಾಡಿಕೊಳ್ಳಲು ಆಗುತ್ತದೆ. ತಲೆ ಬಗ್ಗಿಸಿ ಕೆಲಸ ಮಾಡುವವರ ಕನ್ನಡಕ ಜಾರುತ್ತದೆ. ಹಾಗಾಗಿ ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಬಗ್ಗಿಸಿ, ಮೂಗಿನ ಮೇಲೆ ಕೂರಿಸಿದ ಮೇಲೆಯೇ ಕಣ್ಣಿನ ಪಾಪೆಯ ಎದುರು ಪೆನ್ನಿನಲ್ಲಿ ಗುರುತು ಹಾಕಬೇಕು. ಕೆಲವು ಕಡೆ ಮೊದಲು ಗುರುತು ಹಾಕಿ, ಲೆನ್ಸ್ ಬಂದ ಮೇಲೆ ಫ್ರೇಮ್ ಬಗ್ಗಿಸುತ್ತಾರೆ. ಆಗ ಅಷ್ಟೂ ಲೆಕ್ಕ ಎರಡು ಮೂರು ಮಿ.ಮೀ. ಜಾರಿ ಹೋಗಿರುತ್ತದೆ.

ಪಿ.ಡಿ. ಅಂದರೆ ಎರಡು ಪಾಪೆಗಳ ನಡುವಿನ ದೂರ. ಹತ್ತಿರ ನೋಡುವಾಗ ಕಣ್ಣು ಒಳಕ್ಕೆ ತಿರುಗುತ್ತದೆ, ಆಗ ಇದು 3-4 ಮಿ.ಮೀ. ಕಮ್ಮಿಯಾಗುತ್ತದೆ. ಅಕ್ಕನಿಗೆ ದೂರಕ್ಕೆ 62, ಹತ್ತಿರಕ್ಕೆ 58 ಇತ್ತು. ಆಫೀಸ್ ಲೆನ್ಸಿನಲ್ಲಿ ಈ ಒಳಸರಿತವನ್ನು ಕಂಪನಿಯೇ ಸೇರಿಸಿರುತ್ತದೆ. ಯಾವ ಪಿ.ಡಿ. ಬೇಕು ಅಂತ ಆರ್ಡರ್ ಫಾರ್ಮಿನಲ್ಲಿ ಕೇಳಿರುತ್ತಾರೆ, ಒಂದೊಂದು ಕಣ್ಣಿಗೆ ಬೇರೆಯಾಗಿ ಅದನ್ನೇ ಕೊಡಬೇಕು. ಬರೀ ಚಾಳೀಸು ಮಾಡಿಸುವವರು ಮಾತ್ರ ಹತ್ತಿರದ ಪಿ.ಡಿ.ಯನ್ನೇ ಹಾಕಿ ಅಂತ ಬಾಯಿಬಿಟ್ಟು ಹೇಳಿ. ದೂರದ್ದನ್ನೇ ಹಾಕಿಬಿಟ್ಟರೆ ಅಕ್ಷರ ಕಾಣುತ್ತದೆ, ಆದರೆ ಕಣ್ಣು ಎಳೆದ ಹಾಗಾಗುತ್ತದೆ.

ಲೆನ್ಸ್ ಬಂದಾಗ ಅದರ ಮೇಲೆ ಬಣ್ಣದ ಗುರುತುಗಳಿರುತ್ತವೆ. ಅಳಿಸುವ ಮುಂಚೆ ಒಮ್ಮೆ ಹಾಕಿಕೊಂಡು, ಕೂಡಿಸುವ ಚಿಹ್ನೆ ಪಾಪೆಯ ಎದುರೇ ಬಂದಿದೆಯಾ ಅಂತ ನೋಡಿಸಿಕೊಳ್ಳಿ. ಅಳಿಸಿದ ಮೇಲೆ ಜಗಳ ಮಾಡುವುದು ಕಷ್ಟ.

ಮೊದಲ ಎರಡು ವಾರ

ಅಕ್ಕ ಹೊಸ ಕನ್ನಡಕ ತೆಗೆದುಕೊಂಡು ಹೋದ ನಾಲ್ಕನೇ ದಿನ ವಾಪಸ್ ಬಂದರು. ಮಶೀನಿನ ಹತ್ತಿರ ಎಲ್ಲ ಚೆನ್ನಾಗಿದೆ, ಕತ್ತುನೋವು ಹೋಗಿದೆ, ಆದರೆ ಟೇಬಲ್ ಮೇಲೆ ಗೆರೆ ಇನ್ನೂ ಮಸುಕು ಅಂದರು. ಅಂಗಡಿಯಲ್ಲೇ ನಿಲ್ಲಿಸಿ ನೋಡಿದೆ. ಅವರು ತಲೆ ನೆಟ್ಟಗಿಟ್ಟು, ಕಣ್ಣನ್ನು ಮಾತ್ರ ಕೆಳಗಿಳಿಸಿ ಟೇಬಲ್ ನೋಡುತ್ತಿದ್ದರು. ಆಗ ನೋಟ ಹೋಗುವುದು ಲೆನ್ಸಿನ ಕೆಳಭಾಗದಿಂದ. ಅಲ್ಲಿರುವುದು 20 ಇಂಚಿಗೆ ಮುಗಿಯುವ ಪವರ್.

ಟೈಲರ್‌ಗಳ ವಿಷಯದಲ್ಲಿ ಇದನ್ನು ಮರೆಯಬಾರದು. ಕಂಪ್ಯೂಟರ್ ಪರದೆ ಕಣ್ಣೆದುರು ಇರುತ್ತದೆ, ಕೀಬೋರ್ಡು ಕೆಳಗಿರುತ್ತದೆ. ಲೆನ್ಸಿನ ಮೇಲು ಕೆಳಗು ಅದಕ್ಕೆ ಸರಿಹೊಂದುತ್ತದೆ. ಟೈಲರ್‌ಗೆ ಸೂಜಿಯೂ ಕೆಳಗೆ, ಟೇಬಲ್ಲೂ ಕೆಳಗೆ. ಲೆನ್ಸಿಗೆ ಯಾವುದು ಯಾವುದು ಅಂತ ನಿಮ್ಮ ಕತ್ತು ಹೇಳಬೇಕು. ಮಶೀನಿನ ಮುಂದೆ ತಲೆ ನೆಟ್ಟಗೆ, ಕಣ್ಣು ಕೆಳಗೆ. ಟೇಬಲ್ ಮುಂದೆ ಗದ್ದವನ್ನು ಎದೆಯ ಕಡೆ ಸ್ವಲ್ಪ ತಂದು, ಕಣ್ಣು ನೇರಕ್ಕೆ. ಗದ್ದ ಎರಡು ಬೆರಳಷ್ಟು ಕೆಳಗೆ ಬಂದಾಗ ಚಾಕ್ ಗೆರೆ ತಟ್ಟನೆ ತಿಳಿಯಾಯಿತು. ಅಕ್ಕ ಟೇಪಿನ ಮೇಲಿನ ಕಾಲಿಂಚಿನ ಗೆರೆಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಟೇಬಲ್ ತೀರಾ ತಗ್ಗಾಗಿದ್ದರೆ ಕತ್ತು ಜಾಸ್ತಿ ಬಗ್ಗಿಸಬೇಕಾಗುತ್ತದೆ. ಅವರ ಟೇಬಲ್ಲಿನ ಕಾಲಿಗೆ ಎರಡಿಂಚಿನ ಮರದ ತುಂಡು ಕೊಟ್ಟರು, ಸರಿಹೋಯಿತು.

ಉದ್ದದ ಸ್ಕೇಲು ಅಂಚಿನಲ್ಲಿ ಸ್ವಲ್ಪ ಬಾಗಿದ ಹಾಗೆ ಕಾಣುವುದು ಮೊದಮೊದಲು ಸಹಜ. ವಾರ, ಹದಿನೈದು ದಿನದಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. ಅಲ್ಲಿಯವರೆಗೆ ಗಿರಾಕಿಯ ರೇಷ್ಮೆ ಬಟ್ಟೆಗೆ ಕತ್ತರಿ ಹಾಕಬೇಡಿ, ಲೈನಿಂಗ್ ಬಟ್ಟೆಯಲ್ಲಿ ಅಭ್ಯಾಸ ಮಾಡಿ. ಎರಡು ವಾರ ಕಳೆದರೂ ಸೂಜಿ ನೋಡಲು ಗದ್ದ ಎತ್ತಬೇಕಾದರೆ ಲೆನ್ಸ್ ತಗ್ಗಾಗಿ ಕೂತಿದೆ. ಮೂಗಿನ ಪ್ಯಾಡು ಒತ್ತಿಸಿ ಫ್ರೇಮ್ ಎತ್ತರಿಸಿ ನೋಡಿ. ಅದರಿಂದಲೂ ಸರಿಹೋಗದಿದ್ದರೆ ಮತ್ತೆ ಮಾಡಿಕೊಡಲು ಕೇಳಿ.

ಈ ಕನ್ನಡಕದಲ್ಲಿ ಸ್ಕೂಟಿ ಓಡಿಸಬೇಡಿ. ನಾಲ್ಕೂವರೆ ಅಡಿಯಾಚೆ ಎಲ್ಲ ಮಸುಕು. ಮೆಟ್ಟಿಲು ಇಳಿಯುವಾಗಲೂ ತೆಗೆದುಬಿಡಿ.

ದುಡ್ಡು ಕಮ್ಮಿ ಇದ್ದರೆ

ಆಫೀಸ್ ಲೆನ್ಸ್ ನಂಬರಿಗೆ ತಕ್ಕಂತೆ ಮಾಡಿಸಿ ತರಿಸುವಂಥದ್ದು, ಚಾಳೀಸಿಗಿಂತ ಬೆಲೆ ಸಾಕಷ್ಟು ಜಾಸ್ತಿ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರಿಗೆ ನಾನು ಇನ್ನೊಂದು ದಾರಿ ಹೇಳುತ್ತೇನೆ. ಸಾಧಾರಣ ಡಿ ಬೈಫೋಕಲ್, ಅಂದರೆ ಕೆಳಗೆ ಡಿ ಆಕಾರದ ಹತ್ತಿರದ ಭಾಗ ಇರುವ ಲೆನ್ಸ್, ತೆಗೆದುಕೊಳ್ಳಿ. ಆದರೆ ಮೇಲೆ ದೂರದ ನಂಬರಿನ ಬದಲು ಟೇಬಲ್ಲಿನ ನಂಬರ್ ಹಾಕಿಸಿ. ಅಕ್ಕನ ಲೆಕ್ಕದಲ್ಲಿ ಮೇಲೆ ಪ್ಲಸ್ 1.25, ಕೆಳಗೆ ಪ್ಲಸ್ 2.50. ಚೀಟಿಯಲ್ಲಿ ಪ್ಲಸ್ 1.25, ಅಡಿಷನ್ 1.25 ಅಂತ ಬರೆಯಬೇಕು. ಅಡಿಷನ್ 2.00 ಅಂತಲೇ ಬರೆದುಬಿಟ್ಟರೆ ಕೆಳಗೆ 3.25 ಆಗಿ ಸೂಜಿಗೆ ಮೂಗು ತಾಗಿಸಬೇಕಾದೀತು. ಈ ತಪ್ಪು ಆಗುತ್ತಲೇ ಇರುತ್ತದೆ, ಎರಡು ಸಲ ಓದಿ ನೋಡಿ. ಬೈಫೋಕಲ್ಲಿನಲ್ಲಿ ಪಕ್ಕದ ಮಸುಕು ಇಲ್ಲ, ಸ್ಕೇಲು ಬಾಗುವುದಿಲ್ಲ. ನಡುವೆ ಗೆರೆ ಕಾಣುತ್ತದೆ, ಅದನ್ನು ದಾಟುವಾಗ ಬಟ್ಟೆ ಸ್ವಲ್ಪ ಜಿಗಿದ ಹಾಗಾಗುತ್ತದೆ. ಎಷ್ಟೋ ಟೈಲರ್‌ಗಳಿಗೆ ಇದೇ ಹೆಚ್ಚು ಹಿಡಿಸಿದೆ.

ಅಕ್ಕಸಾಲಿಗರ ಲೆಕ್ಕ ಬೇರೆ. ಕಲ್ಲು ಕೂರಿಸುವಾಗ ಅವರು 10 ಇಂಚಿಗೆ ಬರುತ್ತಾರೆ, ಅಲ್ಲಿಗೆ 4.00 ಬೇಕು. ಅಷ್ಟು ಹತ್ತಿರಕ್ಕೆ ಆಫೀಸ್ ಲೆನ್ಸ್ ಹೊಂದುವುದಿಲ್ಲ. ಬರೀ ಹತ್ತಿರಕ್ಕೆ ಅಂತ ಒಂದು ಕನ್ನಡಕ ಇರಬೇಕು. ಎರಡು ಕಣ್ಣೂ ತೀರಾ ಒಳಕ್ಕೆ ತಿರುಗಿ ದಣಿಯದಂತೆ ಅದರಲ್ಲಿ ಸ್ವಲ್ಪ ಪ್ರಿಸಂ ಸೇರಿಸಬೇಕಾ ಅಂತ ಪರೀಕ್ಷೆ ಮಾಡುವವರನ್ನು ಕೇಳಿ. ಆರಿ ಕಸೂತಿಯವರು ಅಗಲವಾದ ಚೌಕಟ್ಟಿನ ಮೇಲೆ ಎಡದಿಂದ ಬಲಕ್ಕೆ ಕಣ್ಣು ಓಡಿಸುತ್ತಾರೆ. ಅವರಿಗೆ ಪಕ್ಕದ ಮಸುಕು ಆಗಿಬರುವುದಿಲ್ಲ. 0.75ಕ್ಕಿಂತ ಜಾಸ್ತಿ ಇಳಿತ ತೆಗೆದುಕೊಳ್ಳಬೇಡಿ.

ಬೆಳಕು ಮತ್ತು ಇಸ್ತ್ರಿ

ಮಲೆನಾಡಿನಲ್ಲಿ ಜೂನ್ ಬಂದರೆ ಮಧ್ಯಾಹ್ನವೇ ಸಂಜೆಯ ಹಾಗೆ. ಕತ್ತಲಲ್ಲಿ ಪಾಪೆ ಹಿಗ್ಗುತ್ತದೆ, ಪಾಪೆ ಹಿಗ್ಗಿದಷ್ಟೂ ಸಣ್ಣ ಮಸುಕು ಕೂಡ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಕನ್ನಡಕ ಆಷಾಢದಲ್ಲಿ ಸಾಲದು ಅನ್ನಿಸುವುದು ಇದರಿಂದ. ನಂಬರ್ ಬದಲಿಸುವ ಮುಂಚೆ ದೀಪ ಬದಲಿಸಿ. ಮಶೀನಿಗೆ ಅಂಟಿಸುವ ಸಣ್ಣ ಎಲ್‌ಇಡಿ ದೀಪ ಸಾಕು. ಸೂಜಿಯಿಂದ ಅದರ ದೂರ ಅರ್ಧ ಮಾಡಿದರೆ ಬೆಳಕು ಹೆಚ್ಚೂಕಡಿಮೆ ನಾಲ್ಕು ಪಟ್ಟಾಗುತ್ತದೆ. ಕೈಯ ನೆರಳು ಸೂಜಿಯ ಮೇಲೆ ಬೀಳದ ಹಾಗೆ ಎಡಗಡೆಯಿಂದ ಇರಲಿ. ಕರೆಂಟು ಹೋಗುವ ಊರಾದರೆ ಚಾರ್ಜ್ ಆಗುವ ದೀಪವನ್ನೇ ತೆಗೆದುಕೊಳ್ಳಿ.

ಬಿಸಿ ಇಸ್ತ್ರಿ ಪೆಟ್ಟಿಗೆಯ ಪಕ್ಕ ಕನ್ನಡಕ ಇಡಬೇಡಿ. ಶಾಖಕ್ಕೆ ಪ್ಲಾಸ್ಟಿಕ್ ಲೆನ್ಸ್ ಹಿಗ್ಗುತ್ತದೆ, ಮೇಲಿನ ಕೋಟಿಂಗ್ ಅಷ್ಟು ಹಿಗ್ಗಲಾರದೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಒಮ್ಮೆ ಹಾಗಾದರೆ ಲೆನ್ಸನ್ನೇ ಬದಲಿಸಬೇಕು. ಕೈಗೆ ಸಿಕ್ಕ ಚೂರು ಬಟ್ಟೆಯಲ್ಲಿ ಒಣ ಲೆನ್ಸ್ ಒರೆಸುವ ಅಭ್ಯಾಸ ಟೈಲರ್‌ಗಳಿಗೆಲ್ಲ ಇದೆ. ಅದರಲ್ಲಿರುವ ಚಾಕ್ ಪುಡಿಯೇ ಗೀರು ಹಾಕುತ್ತದೆ. ಮೊದಲು ನೀರು ಹಾಕಿ ತೊಳೆದು, ಆಮೇಲೆ ಒಗೆದ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ಆ ಟೇಪಿನ ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲೇ ಇಟ್ಟಿರಿ. ಸುಮಾರು 60 ವರ್ಷದವರೆಗೆ ಅಡಿಷನ್ ಏರುತ್ತಾ ಹೋಗುತ್ತದೆ, ಎರಡು ವರ್ಷಕ್ಕೊಮ್ಮೆ ನೋಡಿಸಬೇಕು. ಅಡಿಷನ್ 2.25 ಆದಾಗ ಹಳೆಯ 1.25 ಇಳಿತವನ್ನೇ ಮತ್ತೆ ಬರೆದರೆ ಮೇಲ್ಭಾಗದಲ್ಲಿ 1.00 ಉಳಿಯುತ್ತದೆ. ನಾಲ್ಕು ಅಡಿ ಕಾಣುತ್ತಿದ್ದ ಜಾಗ 40 ಇಂಚಿಗೆ ನಿಲ್ಲುತ್ತದೆ. ಮೇಲೆ ಮತ್ತೆ 0.75 ಉಳಿಯಬೇಕಾದರೆ ಆಗ ಇಳಿತ 1.50 ಆಗಬೇಕು.